ಕಡಲಾಮೆಯ ತವರಿನ ವಿಳಾಸ

1978ರಲ್ಲಿ ಮೆಕ್ಸಿಕೊದ ರಾಂಚೊ ನ್ಯೂವೊ ಕಡಲತೀರದಲ್ಲಿ ಒಂದು ವಿಚಿತ್ರ ಕೆಲಸ ಶುರುವಾಯಿತು. ಕೆಂಪ್ಸ್ ರಿಡ್ಲೆ ಜಾತಿಯ ಕಡಲಾಮೆ ಗುಂಡಿ ತೋಡಿ ಮೊಟ್ಟೆ ಇಡತೊಡಗಿದ ಕೂಡಲೇ ಅದರ ಹಿಂದೆ ಜನ ಮಂಡಿಯೂರಿ ಕುಳಿತು, ಬೀಳುವ ಮೊಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಳ್ಳುತ್ತಿದ್ದರು. ಒಂದು ಮೊಟ್ಟೆಯೂ ಅಲ್ಲಿನ ಮರಳಿಗೆ ತಾಗಬಾರದೆಂಬುದು ಅವರ ಕಟ್ಟುನಿಟ್ಟು. ಅಮೆರಿಕದ ಟೆಕ್ಸಾಸ್ ಕರಾವಳಿಯ ಪಾಡ್ರೆ ದ್ವೀಪದಿಂದ ತರಿಸಿದ ಮರಳನ್ನು ಥರ್ಮೊಕೋಲ್ ಡಬ್ಬಗಳಿಗೆ ತುಂಬಿ, ಅದರೊಳಗೆ ಮೊಟ್ಟೆಗಳನ್ನಿಟ್ಟು ಆ ದ್ವೀಪಕ್ಕೇ ಸಾಗಿಸುತ್ತಿದ್ದರು.

ಅಲ್ಲಿ ಮರಿಗಳು ಒಡೆದು ಬಂದ ಮೇಲೆ ಅವುಗಳನ್ನು ನೇರವಾಗಿ ತೊಟ್ಟಿಗೆ ಹಾಕಲಿಲ್ಲ. ಮರಳಿನ ಮೇಲೆ ಬಿಟ್ಟರು. ಮರಿಗಳು ತೆವಳುತ್ತ ಅಲೆಯೊಳಗೆ ಇಳಿದು ಒಂದಿಷ್ಟು ಈಜುತ್ತಿದ್ದಂತೆ ಸಣ್ಣ ಬಲೆಗಳಿಂದ ಮತ್ತೆ ಹಿಡಿದರು! ಆಮೇಲೆ ಗ್ಯಾಲ್ವೆಸ್ಟನ್‌ನಲ್ಲಿ ಒಂದು ವರ್ಷದ ಹತ್ತಿರ ಸಾಕಿ, ಗುರುತು ಹಾಕಿ ಕಡಲಿಗೆ ಬಿಟ್ಟರು. ಹೀಗೆ 1988ರವರೆಗೂ ನಡೆಯಿತು.

ಇಷ್ಟೆಲ್ಲ ಪಡಿಪಾಟಲು ಯಾಕೆಂದರೆ, ಆ ಜಾತಿಯ ಆಮೆಗಳು ಹೆಚ್ಚುಕಡಿಮೆ ರಾಂಚೊ ನ್ಯೂವೊ ಆಸುಪಾಸಿನ ತೀರವೊಂದನ್ನೇ ನೆಚ್ಚಿಕೊಂಡಿದ್ದವು. 1947ರಲ್ಲಿ ತೆಗೆದ ಚಲನಚಿತ್ರವೊಂದರ ಆಧಾರದಲ್ಲಿ ಒಂದೇ ದಿನ ಸುಮಾರು 40,000 ಹೆಣ್ಣಾಮೆಗಳು ಅಲ್ಲಿ ದಡ ಹತ್ತಿದ್ದವೆಂದು ಅಂದಾಜು ಮಾಡಲಾಗಿತ್ತು. 1985ರ ಹೊತ್ತಿಗೆ ಇಡೀ ಹಂಗಾಮಿನಲ್ಲಿ ಸಿಕ್ಕ ಗೂಡುಗಳು 700ರ ಆಸುಪಾಸು. ಆ ತೀರಕ್ಕೆ ಏನಾದರೂ ಆದರೆ ಜಾತಿಯ ಕಥೆ ಮುಗಿದಂತೆ. ಹಾಗಾಗಿ ಇನ್ನೊಂದು ತೀರವನ್ನು ಅವುಗಳ 'ಹುಟ್ಟೂರು' ಮಾಡಲು ಸಾಧ್ಯವೇ ಎಂದು ನೋಡುವ ಸಾಹಸ ಅದು. ಕಡಲಾಮೆ ಹುಟ್ಟಿದ ದಡವನ್ನು ಮೊದಲ ಕೆಲವು ಗಂಟೆಗಳಲ್ಲೇ ಹೇಗೋ ಮನಸ್ಸಿಗೆ ಅಚ್ಚೊತ್ತಿಕೊಳ್ಳುತ್ತದೆ ಎಂಬ ನಂಬಿಕೆಯೇ ಅದಕ್ಕೆ ಬಂಡವಾಳ.

ಫಲ ಕಾಣಲು ತಾಳ್ಮೆ ಬೇಕಿತ್ತು. ಕೆಂಪ್ಸ್ ರಿಡ್ಲೆ ಪ್ರಾಯಕ್ಕೆ ಬರಲು ಹತ್ತು ವರ್ಷವಾದರೂ ಬೇಕು. 1996ರಲ್ಲಿ, ಪ್ರಯೋಗ ಶುರುವಾಗಿ 18 ವರ್ಷಗಳ ಮೇಲೆ, ಗುರುತು ಹೊತ್ತ ಆಮೆಗಳು ಪಾಡ್ರೆ ದ್ವೀಪಕ್ಕೆ ಬಂದು ಮೊಟ್ಟೆ ಇಟ್ಟವು. ಹಾಗೆಂದು ಬದುಕುಳಿದ ಎಲ್ಲವೂ ಅಲ್ಲಿಗೇ ಬರಲಿಲ್ಲ. ಕೆಲವು ಬೇರೆ ದಡಗಳಲ್ಲೂ ಗೂಡು ಮಾಡಿದವು. ಈ 'ಎಲ್ಲವೂ ಅಲ್ಲ' ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ.

ಮೊದಲು, ಆಮೆಗೆ ಹುಟ್ಟಿದ ದಡದ ಹಟ ಏಕೆ? ಹೆರಿಗೆಗೆ ತವರಿಗೆ ಬರುವ ಹೆಣ್ಣುಮಗಳ ನೆನಪಾಗುವುದು ಸಹಜ. ಆದರೆ ಈ ತವರಿನಲ್ಲಿ ಕಾಯುವ ತಾಯಿಯಿಲ್ಲ, ಆರೈಕೆಯಿಲ್ಲ. ಆಮೆ ಬಂದು, ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮರಳು ಮುಚ್ಚಿ ಒಂದೆರಡು ಗಂಟೆಯೊಳಗೆ ಹಿಂತಿರುಗುತ್ತದೆ. ಮೊಟ್ಟೆ ಮರಿಯಾಯಿತೋ ಕೊಳೆಯಿತೋ ಅದಕ್ಕೆ ಎಂದೂ ಗೊತ್ತಾಗುವುದಿಲ್ಲ.

ಹಟದ ಗುಟ್ಟು ಇಲ್ಲೇ ಇದೆ. ಮರಳು ತೀರಾ ಒದ್ದೆಯಾಗಿದ್ದರೆ ಮೊಟ್ಟೆಯೊಳಗಿನ ಜೀವಕ್ಕೆ ಉಸಿರುಕಟ್ಟುತ್ತದೆ, ತೀರಾ ಒಣಗಿದ್ದರೆ ಮೊಟ್ಟೆ ಬತ್ತುತ್ತದೆ. ಮರಳಿನ ಬಿಸಿ ಸುಮಾರು 29 ಡಿಗ್ರಿ ಸೆಲ್ಸಿಯಸ್ ಇದ್ದರೆ ಗಂಡು ಹೆಣ್ಣು ಎರಡೂ ಹುಟ್ಟುತ್ತವೆ. ಅದಕ್ಕಿಂತ ಏರಿದಷ್ಟೂ ಹೆಣ್ಣು ಹೆಚ್ಚು. ದಡದಾಚೆಗಿನ ಪ್ರವಾಹ ಮರಿಯನ್ನು ಆಳ ಸಮುದ್ರಕ್ಕೆ ಒಯ್ಯುವಂತಿರಬೇಕು, ಮತ್ತೆ ದಡಕ್ಕೇ ಎಸೆಯಬಾರದು. ಎರಡು ತಿಂಗಳ ಮುಂದಿನ ಇಂಥ ಸಂಗತಿಗಳನ್ನು ಆಮೆ ಒಂದು ರಾತ್ರಿಯಲ್ಲಿ ಪರೀಕ್ಷಿಸುವುದು ಹೇಗೆ? ಒಂದು ತೀರ ಒಳ್ಳೆಯದೆನ್ನಲು ಅದಕ್ಕಿರುವ ಗಟ್ಟಿ ಪುರಾವೆ ಒಂದೇ: ತಾನು ಅಲ್ಲಿ ಹುಟ್ಟಿ ಬದುಕಿದ್ದೇನೆ. ಆಮೆ ಹೀಗೆ ಯೋಚಿಸುತ್ತದೆಂದಲ್ಲ. ಹುಟ್ಟಿದಲ್ಲಿಗೆ ಮರಳಿದವುಗಳ ಸಂತಾನ ಹೆಚ್ಚು ಉಳಿದು, ಆ ಗುಣವೇ ತಲೆಮಾರಿನಿಂದ ತಲೆಮಾರಿಗೆ ಇಳಿದಿದೆ.

ಅವು ಹಿರಿಯ ಆಮೆಗಳ ಬೆನ್ನುಹಿಡಿದು ಬರುತ್ತಿರಬಹುದಲ್ಲ ಎಂಬ ಅನುಮಾನ ವಿಜ್ಞಾನಿಗಳಿಗೂ ಇತ್ತು. 1990ರಲ್ಲಿ ಹಸಿರು ಕಡಲಾಮೆಗಳ ಮೇಲೆ ನಡೆದ ಅಧ್ಯಯನ, ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎಯನ್ನು ಪರೀಕ್ಷಿಸಿತು. ಸಿಕ್ಕವರ ಹಿಂದೆ ಹೋಗುವುದಾದರೆ ಎಲ್ಲ ತೀರಗಳಲ್ಲೂ ತಾಯಿವಂಶಗಳು ಬೆರೆತಿರಬೇಕಿತ್ತು. ಬೆರೆತಿರಲಿಲ್ಲ. ಫ್ಲಾರಿಡಾದ ತೀರಕ್ಕೂ ಕೋಸ್ಟರಿಕಾದ ತೀರಕ್ಕೂ ಬೇರೆಬೇರೆ ವಂಶಗಳ ಗುರುತಿತ್ತು.

ಇನ್ನು ದಾರಿಯ ಪ್ರಶ್ನೆ. ಇದರಲ್ಲಿ ಹೆಚ್ಚು ದುಡಿದವರು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಕೆನೆತ್ ಲೋಮನ್ ಮತ್ತು ಅವರ ತಂಡ. ಭೂಮಿಯ ಕಾಂತರೇಖೆಗಳು ಸಮಭಾಜಕದ ಬಳಿ ನೆಲಕ್ಕೆ ಸಮಾನಾಂತರವಾಗಿದ್ದು, ಧ್ರುವದತ್ತ ಹೋದಂತೆಲ್ಲ ವಾಲುತ್ತ ಕೊನೆಗೆ ಲಂಬವಾಗುತ್ತವೆ. ಕಾಂತದ ಬಲವೂ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ವಾಲಿಕೆ, ಬಲ ಎರಡೂ ಸೇರಿದರೆ ಕರಾವಳಿಯ ಒಂದೊಂದು ಭಾಗಕ್ಕೂ ತನ್ನದೇ ವಿಳಾಸ ಸಿಗುತ್ತದೆ. ಲೋಮನ್ ತಂಡ ಆಗಷ್ಟೇ ಹುಟ್ಟಿದ ಲಾಗರ್‌ಹೆಡ್ ಮರಿಗಳಿಗೆ ಬಟ್ಟೆಯ ಪಟ್ಟಿ ತೊಡಿಸಿ, ದಾರ ಕಟ್ಟಿ ನೀರಿನ ತೊಟ್ಟಿಯಲ್ಲಿ ಈಜಲು ಬಿಟ್ಟಿತು. ಸುತ್ತ ತಂತಿ ಸುರುಳಿಗಳಿಂದ ಅಟ್ಲಾಂಟಿಕ್‌ನ ದೂರದ ಜಾಗಗಳ ಕಾಂತಕ್ಷೇತ್ರವನ್ನು ಸೃಷ್ಟಿಸಲಾಗಿತ್ತು. ನಿಜಕ್ಕೂ ಆ ಜಾಗದಲ್ಲಿದ್ದರೆ ಸುರಕ್ಷಿತ ಪ್ರವಾಹದೊಳಗೆ ಉಳಿಯಲು ಯಾವ ದಿಕ್ಕಿಗೆ ಈಜಬೇಕೋ ಮರಿಗಳು ಆ ದಿಕ್ಕಿಗೇ ತಿರುಗಿದವು. ಕಡಲನ್ನೇ ಕಾಣದ ಮರಿಗಳು!

ದೊಡ್ಡ ಆಮೆಗಳನ್ನು ತೊಟ್ಟಿಯಲ್ಲಿಟ್ಟು ಹೀಗೆ ಪರೀಕ್ಷಿಸಲಾಗದು. ಆದರೆ ಭೂಮಿಯೇ ಒಂದು ಪ್ರಯೋಗ ನಡೆಸುತ್ತಿದೆ: ಅದರ ಕಾಂತಕ್ಷೇತ್ರ ವರ್ಷವರ್ಷವೂ ತುಸು ಸರಿಯುತ್ತದೆ. ಫ್ಲಾರಿಡಾದಲ್ಲಿ 19 ವರ್ಷಗಳ ಗೂಡಿನ ಲೆಕ್ಕವಿತ್ತು. ಲೋಮನ್ ಮತ್ತು ರೋಜರ್ ಬ್ರದರ್ಸ್ ಅದನ್ನು ಈ ಸರಿತದ ಜೊತೆ ಹೋಲಿಸಿ 2015ರಲ್ಲಿ ಪ್ರಕಟಿಸಿದರು. ವಿಳಾಸಗಳು ಒತ್ತೊತ್ತಾಗಿ ಬಂದ ಕಡೆ ಗೂಡುಗಳೂ ಒತ್ತಾಗಿದ್ದವು. ವಿಳಾಸಗಳು ಚದುರಿದಲ್ಲಿ ಗೂಡುಗಳೂ ವಿರಳವಾಗಿದ್ದವು. ಆಮೆ ಹುಡುಕುವುದು ಮರಳನ್ನಲ್ಲ, ವಿಳಾಸವನ್ನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಸಿಗುವುದು ಕಷ್ಟ. ಫ್ಲಾರಿಡಾದ ಎರಡು ಬದಿಯ ತೀರಗಳಲ್ಲೂ ಕಾಂತದ ವಿಳಾಸ ಹೋಲುವ ಕಡೆ ಗೂಡು ಮಾಡುವ ಆಮೆಗಳ ವಂಶವೂ ಹೋಲುತ್ತದೆಂದು 2018ರಲ್ಲಿ ಇದೇ ಇಬ್ಬರು ತೋರಿಸಿದರು. ಅಂದರೆ ಕೆಲವು ಆಮೆಗಳು ವಿಳಾಸ ಸರಿ ಹಿಡಿದು ದಡವನ್ನೇ ತಪ್ಪುತ್ತಿರಬಹುದು.

ಹೀಗಾಗಿ 'ಅದೇ ದಡ' ಎಂದರೆ ಹುಟ್ಟಿದ ಗುಂಡಿಯ ಪಕ್ಕ ಎಂದಲ್ಲ, ಕರಾವಳಿಯ ಒಂದು ಪಟ್ಟಿ ಎಂದರ್ಥ. ಜಾತಿಯಿಂದ ಜಾತಿಗೆ ಈ ನಿಷ್ಠೆಯಲ್ಲಿ ವ್ಯತ್ಯಾಸವೂ ಇದೆ. ನಮ್ಮ ಕಾರವಾರ, ಹೊನ್ನಾವರ, ಕುಂದಾಪುರದ ಕಡೆಗೆ ಮೊಟ್ಟೆ ಇಡಲು ಬರುವ ಆಲಿವ್ ರಿಡ್ಲೆ ಅಷ್ಟೇನೂ ಕಟ್ಟುನಿಟ್ಟಿನದ್ದಲ್ಲ. 2021ರಲ್ಲಿ ಒಡಿಶಾದ ಗಹಿರ್ಮಠದಲ್ಲಿ ಕಾಲಿಗೆ ಬಿಲ್ಲೆ ಹಾಕಿದ್ದ ಒಂದು ಆಮೆ 2025ರ ಜನವರಿಯಲ್ಲಿ ಮಹಾರಾಷ್ಟ್ರದ ಗುಹಾಗರದಲ್ಲಿ ಮೊಟ್ಟೆ ಇಡುತ್ತಿದ್ದುದು ಕಂಡಿತು. ಅದು ಇಡೀ ದಕ್ಷಿಣ ಭಾರತವನ್ನು ಸುತ್ತಿ ಬಂದಿತ್ತು.

ನಮ್ಮ ಕರಾವಳಿಯಲ್ಲಿ ಕಡಲ್ಕೊರೆತ ತಡೆಯಲು ಹಲವೆಡೆ ಕಲ್ಲಿನ ಗೋಡೆಗಳಿವೆ. ದಶಕ ದಾಟಿ ಹಳೆಯ ವಿಳಾಸಕ್ಕೆ ಬಂದ ಆಮೆಗೆ ಮರಳಿನ ಬದಲು ಬಂಡೆ ಎದುರಾದರೆ ಅದು ತಿರುಗಿ ಕಡಲಿಗಿಳಿದು, ಅಕ್ಕಪಕ್ಕದಲ್ಲಿ ಬೇರೆ ಜಾಗ ಹುಡುಕುತ್ತದೆ. ಗೋಡೆಯ ಬುಡದಲ್ಲೇ ಮೊಟ್ಟೆ ಇಡುವುದೂ ಉಂಟು; ಅಲ್ಲಿಗೆ ಉಬ್ಬರದ ನೀರು ಬರುವುದರಿಂದ ಮೊಟ್ಟೆಗಳು ಉಳಿಯುವುದು ಕಷ್ಟ. ಅಪಾಯದ ಜಾಗದ ಮೊಟ್ಟೆಗಳನ್ನು ಬೇಲಿ ಹಾಕಿದ ಮರಿಕೇಂದ್ರಕ್ಕೆ ಒಯ್ಯುವುದು ಅದಕ್ಕೇ. ಒಯ್ಯುವಾಗ ಅದೇ ಕರಾವಳಿಯಲ್ಲಿ ಆದಷ್ಟು ಹತ್ತಿರದ ಮರಳನ್ನು ಆರಿಸುವುದು, ಹುಟ್ಟಿದ ಮರಿಗಳನ್ನು ಬುಟ್ಟಿಯಿಂದ ನೇರ ನೀರಿಗೆ ಸುರಿಯದೆ ಅಲೆಯಿಂದ ಕೆಲವು ಮೀಟರ್ ಹಿಂದೆ ಬಿಟ್ಟು ತಾವಾಗಿ ತೆವಳಲು ಬಿಡುವುದು, ಇವುಗಳಲ್ಲಿ ಎರಡನೆಯದು ಪಾಡ್ರೆ ದ್ವೀಪದವರು ಹಿಡಿದ ದಾರಿಯೇ.