ಲೇಬಲ್ಲಿನ ಸೊನ್ನೆ, ನಾಲಿಗೆಯ ನೆನಪು

ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಗಿದ್ದ ಗೆಳೆಯನೊಬ್ಬ ಕಳೆದ ಬೇಸಿಗೆಯಲ್ಲಿ ಸೂಪರ್ ಮಾರ್ಕೆಟ್ಟಿನ ಫ್ರಿಜ್ ಮುಂದೆ ನಿಂತು ನನಗೆ ಫೋನ್ ಮಾಡಿದ. ಮಜ್ಜಿಗೆ, ಹಣ್ಣಿನ ರಸಗಳ ಸಾಲಿನಲ್ಲೇ ಬಿಯರ್ ಬಾಟಲಿಯೂ ತಣ್ಣಗೆ ಕೂತಿದೆಯಂತೆ, ಮೈಮೇಲೆ ‘ನಾನ್ ಆಲ್ಕೋಹಾಲಿಕ್’ ಎಂದು ಬರೆದುಕೊಂಡು. “ಇದನ್ನ ಕುಡಿದ್ರೆ ಕುಡಿದ ಹಾಗಾ, ಅಲ್ವಾ? ನೀನೇ ಹೇಳು ಮಾರಾಯ,” ಅಂದ. ಬಾಟಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದು ಅಂದೆ. ಸ್ವಲ್ಪ ಹೊತ್ತು ಮೌನ. ಆಮೇಲೆ, “0.5 ಪರ್ಸೆಂಟ್‌ಗಿಂತ ಕಡಿಮೆ ಅಂತಿದೆ. ಅಂದ್ರೆ ಇದೆ ಅಂತಾಯ್ತಲ್ಲ!” ಎಂದ.

ಇದೆ. ಅದು ಅಲ್ಲಿಗೆ ಹೇಗೆ ಬಂತು, ಯಾಕೆ ಪೂರ್ತಿ ಹೋಗಲಿಲ್ಲ ಎಂದು ತಿಳಿಯಬೇಕಾದರೆ ಬಿಯರ್ ಹುಟ್ಟುವ ಕಡೆಗೆ ಹೋಗಬೇಕು.

ಮಗುವಿಗೆ ರಾಗಿ ಸರಿ ಮಾಡುವ ಮನೆಗಳಲ್ಲಿ ಇದರ ಅರ್ಧ ಕತೆ ಗೊತ್ತೇ ಇದೆ. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಬೀಸಿದ ಹಿಟ್ಟಿನ ಗಂಜಿ ಮಾಮೂಲಿ ಹಿಟ್ಟಿನದರಷ್ಟು ಗಟ್ಟಿಯಾಗುವುದಿಲ್ಲ; ಸ್ವಲ್ಪ ಸಿಹಿಯೂ ಇರುತ್ತದೆ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟಿಕೊಂಡ ಕಿಣ್ವಗಳು ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತವೆ. ಬಿಯರ್ ತಯಾರಿಸುವವರು ಬಾರ್ಲಿಗೆ ಮಾಡುವುದೂ ಇದನ್ನೇ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿ, ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ನೆನೆಹಾಕಿ, ಸಿಹಿಯಾದ ತಿಳಿಯನ್ನು ಸೋಸಿ, ಕಹಿಗಾಗಿ ಹಾಪ್ಸ್ ಹೂವು ಹಾಕಿ ಕುದಿಸುತ್ತಾರೆ. ಆರಿದ ಮೇಲೆ ಯೀಸ್ಟ್ ಬೆರೆಸಿದರೆ ಅದು ಸಕ್ಕರೆ ತಿಂದು ಆಲ್ಕೋಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಬಿಯರಿನ ಹಣ್ಣಿನಂಥ ಪರಿಮಳಗಳನ್ನು ಹುಟ್ಟಿಸುವುದೂ ಇದೇ ಯೀಸ್ಟು, ಅದೂ ಇದೇ ಹೊತ್ತಿನಲ್ಲಿ. ತೊಂದರೆಯೆಲ್ಲ ಇರುವುದು ಇಲ್ಲಿ. ಅಮಲೂ ಪರಿಮಳವೂ ಒಂದೇ ಕೊಪ್ಪರಿಗೆಯಲ್ಲಿ ಜೊತೆಜೊತೆಗೇ ಹುಟ್ಟುತ್ತವೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕಳಿಸಬೇಕು.

ಮೊದಲ ದಾರಿ, ಹುಟ್ಟಿದ ಮೇಲೆ ತೆಗೆಯುವುದು. ಆಲ್ಕೋಹಾಲ್ 78 ಡಿಗ್ರಿಗೆ ಕುದಿಯುತ್ತದೆ, ನೀರು 100ಕ್ಕೆ. ಹಾಗಾದರೆ ಬಿಯರನ್ನು 78ಕ್ಕೆ ಕಾಯಿಸಿದರೆ ಆಲ್ಕೋಹಾಲ್ ಮಾತ್ರ ಹಾರಿಹೋಗಬೇಕಲ್ಲ ಎಂದು ಅನ್ನಿಸುವುದು ಸಹಜ. ಹಾಗಾಗುವುದಿಲ್ಲ. ಎರಡೂ ಬೆರೆತ ಮೇಲೆ ಅವು ಬೇರೆ ಬೇರೆಯಾಗಿ ಕುದಿಯುವುದಿಲ್ಲ. ನೂರಕ್ಕೆ 5 ಪಾಲು ಆಲ್ಕೋಹಾಲ್ ಇರುವ ಬಿಯರು 95 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಹೊರಬರುವ ಆವಿಯಲ್ಲಿ ಆಲ್ಕೋಹಾಲಿನ ಪಾಲು ಹೆಚ್ಚಿದ್ದರೂ ನೀರೂ ಅದರ ಜೊತೆಗೇ ಬರುತ್ತದೆ. ಅಷ್ಟು ಕಾಯಿಸಿದ ಬಿಯರಿಗೆ ಬೇಯಿಸಿದ ವಾಸನೆ ಹಿಡಿಯುತ್ತದೆ, ಯಾರೂ ಕುಡಿಯಲಾರರು.

ಇದಕ್ಕೆ ಕಾರ್ಖಾನೆಯವರು ಕಂಡುಕೊಂಡ ಉಪಾಯ ಪ್ರೆಶರ್ ಕುಕ್ಕರಿನ ತಿರುವುಮುರುವು. ಕುಕ್ಕರಿನಲ್ಲಿ ಒತ್ತಡ ಏರಿ ನೀರು 120 ಡಿಗ್ರಿಯ ಹತ್ತಿರ ಕುದಿಯುತ್ತದೆ. ಇಲ್ಲಿ ಪಂಪಿನಿಂದ ಗಾಳಿಯನ್ನು ಹೀರಿ ಒತ್ತಡವನ್ನೇ ಇಳಿಸುತ್ತಾರೆ. ಆಗ ಬಿಯರು ಸುಮಾರು 40-45 ಡಿಗ್ರಿಯಲ್ಲೇ, ಅಂದರೆ ಸ್ನಾನದ ನೀರಿನ ಬಿಸಿಯಲ್ಲೇ, ಕುದಿಯತೊಡಗುತ್ತದೆ. ಎತ್ತರದ ಸ್ಟೀಲ್ ಕಂಬದೊಳಗೆ ಬಿಯರು ಮೇಲಿನಿಂದ ತೆಳ್ಳಗೆ ಹರಿದು ಇಳಿಯುತ್ತದೆ, ಕೆಳಗಿನಿಂದ ಆವಿ ಏರುತ್ತದೆ. ಇಳಿಯುವ ಬಿಯರಿನಿಂದ ಆಲ್ಕೋಹಾಲನ್ನು ಈ ಆವಿ ಎತ್ತಿಕೊಂಡು ಹೋಗುತ್ತದೆ.

ಆದರೆ ಆಲ್ಕೋಹಾಲಿಗಿಂತ ಮುಂಚೆ ಓಡಿಹೋಗುವುದು ಪರಿಮಳ. ಬಾಳೆಹಣ್ಣಿನ ವಾಸನೆ ಕೊಡುವ ಐಸೊಅಮೈಲ್ ಅಸಿಟೇಟ್‌ನಂಥವು ತೀರಾ ಹಗುರ, ಮೊದಲ ಆವಿಯಲ್ಲೇ ಹೊರಟುಬಿಡುತ್ತವೆ. ಅವನ್ನು ತಣಿಸಿ ಹಿಡಿದಿಟ್ಟು ಕೊನೆಗೆ ಮತ್ತೆ ಬಿಯರಿಗೆ ಸೇರಿಸುವುದುಂಟು. ಹಿಡಿದಿಟ್ಟ ಆ ಪರಿಮಳದ ಜೊತೆಗೆ ಒಂದಿಷ್ಟು ಆಲ್ಕೋಹಾಲೂ ಅಂಟಿಕೊಂಡಿರುತ್ತದೆ, ಪರಿಮಳ ಹಿಂತಿರುಗಿಸಿದರೆ ಅದೂ ಹಿಂತಿರುಗುತ್ತದೆ. ಇನ್ನೊಂದು ಕಷ್ಟವೂ ಇದೆ. 5 ಪಾಲನ್ನು ಅರ್ಧ ಪಾಲಿಗೆ ಇಳಿಸುವುದು ಸಲೀಸು. ಉಳಿದ ಆ ಅರ್ಧ ಪಾಲನ್ನೂ ಓಡಿಸಹೋದರೆ ಪ್ರತಿ ಹನಿ ಆಲ್ಕೋಹಾಲಿನ ಜೊತೆ ಮೊದಲಿಗಿಂತ ಎಷ್ಟೋ ಹೆಚ್ಚು ನೀರನ್ನು ಆವಿ ಮಾಡಬೇಕು, ರುಚಿಯನ್ನೂ ಬಲಿಕೊಡಬೇಕು. 0.5ರಲ್ಲಿ ಕೈ ನಿಲ್ಲಿಸುವುದಕ್ಕೆ ಕಾನೂನಿನಷ್ಟೇ ಈ ಲೆಕ್ಕವೂ ಕಾರಣ.

ಎರಡನೆಯ ದಾರಿ, ಆಲ್ಕೋಹಾಲ್ ಹುಟ್ಟದಂತೆಯೇ ನೋಡಿಕೊಳ್ಳುವುದು. ಬಾರ್ಲಿಯ ತಿಳಿಯಲ್ಲಿರುವ ಸಕ್ಕರೆಯಲ್ಲಿ ಹೆಚ್ಚಿನದು ಮಾಲ್ಟೋಸ್. ಬಿಯರಿನ ಮಾಮೂಲಿ ಯೀಸ್ಟ್ ಅದನ್ನು ಖಾಲಿ ಮಾಡಿಬಿಡುತ್ತದೆ. ಸ್ಯಾಕರೊಮೈಕೋಡಿಸ್ ಲುಡ್ವಿಗಿ ಎಂಬ ಇನ್ನೊಂದು ಯೀಸ್ಟಿಗೆ ಮಾಲ್ಟೋಸ್ ಸೇರುವುದೇ ಇಲ್ಲ. ಅದು ಅಲ್ಲಲ್ಲಿ ಇರುವ ಗ್ಲೂಕೋಸನ್ನು ಹೆಕ್ಕಿ ತಿಂದು ಸುಮ್ಮನಾಗುತ್ತದೆ; ಸ್ವಲ್ಪ ಪರಿಮಳ, ತೀರಾ ಸ್ವಲ್ಪ ಆಲ್ಕೋಹಾಲ್ ಹುಟ್ಟುತ್ತದೆ. ಕಂಬ, ಪಂಪು ಯಾವುದೂ ಬೇಡವಾದ್ದರಿಂದ ಸಣ್ಣ ತಯಾರಕರಿಗೆ ಈ ದಾರಿ ಇಷ್ಟ. ಆದರೆ ತಿನ್ನದೆ ಬಿಟ್ಟ ಮಾಲ್ಟೋಸ್ ಬಾಟಲಿಯಲ್ಲೇ ಉಳಿಯುತ್ತದೆ. ನಮ್ಮ ಕರುಳು ಆ ಯೀಸ್ಟಿನಷ್ಟು ನಖರಾ ಮಾಡುವುದಿಲ್ಲ, ಮಾಲ್ಟೋಸನ್ನು ಗ್ಲೂಕೋಸ್ ಮಾಡಿ ರಕ್ತಕ್ಕೆ ಕಳಿಸುತ್ತದೆ. ಸಕ್ಕರೆ ಕಾಯಿಲೆಯವರು ಆಲ್ಕೋಹಾಲಿನ ಅಂಕಿಯ ಜೊತೆ ಸಕ್ಕರೆಯ ಅಂಕಿಯನ್ನೂ ಓದಬೇಕಾದದ್ದು ಇದಕ್ಕೇ. ಈ ಸಿಹಿಯಿಂದ ಮತ್ತೊಂದು ಅಪಾಯವಿದೆ. ಆಲ್ಕೋಹಾಲಿನ ಕಾವಲಿಲ್ಲದ ಸಿಹಿ ದ್ರವಕ್ಕೆ ಬೇರೊಂದು ಯೀಸ್ಟ್ ನುಸುಳಿದರೆ ಹುದುಗು ಮತ್ತೆ ಶುರುವಾಗುತ್ತದೆ. ಬೆಳಗಿನ ನೀರಾ ಮಧ್ಯಾಹ್ನಕ್ಕೆ ಹೆಂಡವಾಗುವುದು ಹೇಗೋ ಹಾಗೆ. ಬಾಟಲಿಗಳನ್ನು ಪಾಶ್ಚರೀಕರಿಸುವುದು ಇದನ್ನು ತಡೆಯಲಿಕ್ಕೆ.

ಈಗ ಲೆಕ್ಕಕ್ಕೆ ಬರೋಣ. 330 ಮಿಲಿಲೀಟರಿನ ಬಾಟಲಿಯಲ್ಲಿ 0.5 ಶೇಕಡಾ ಎಂದರೆ 1.65 ಮಿಲಿಲೀಟರ್ ಆಲ್ಕೋಹಾಲ್, ಚಮಚದ ಮೂರನೆಯ ಒಂದು ಪಾಲು. ಅಷ್ಟೇ ಅಳತೆಯ 5 ಶೇಕಡಾ ಬಿಯರಿನಲ್ಲಿ 16.5 ಮಿಲಿಲೀಟರ್. ನಮ್ಮಲ್ಲಿ ಸಿಗುವ 650 ಮಿಲಿಲೀಟರಿನ ದೊಡ್ಡ ಬಾಟಲಿ ಒಂದಕ್ಕೆ ಸಮ ಮಾಡಬೇಕಾದರೆ ಈ ಸಣ್ಣ ಬಾಟಲಿಗಳು ಸುಮಾರು ಇಪ್ಪತ್ತು ಬೇಕು. ಆರೋಗ್ಯವಂತ ದೊಡ್ಡವರ ಯಕೃತ್ತು ಗಂಟೆಗೆ ಹೆಚ್ಚುಕಡಿಮೆ 9 ಮಿಲಿಲೀಟರ್ ಆಲ್ಕೋಹಾಲನ್ನು ಕರಗಿಸುತ್ತದೆ. ಒಂದು ಬಾಟಲಿಯದು ಹತ್ತು-ಹನ್ನೆರಡು ನಿಮಿಷದ ಕೆಲಸ. ಕುಡಿಯುವ ವೇಗಕ್ಕೆ ಸರಿಯಾಗಿ ಕರಗುತ್ತಲೇ ಇರುವುದರಿಂದ ಅಮಲೇರುವ ಪ್ರಶ್ನೆಯೇ ಬರುವುದಿಲ್ಲ.

‘0.0’ ಎಂದು ಬರೆದದ್ದು? ಅದು ಅಂಕಿಯನ್ನು ಹತ್ತಿರಕ್ಕೆ ಎಳೆದು ಬರೆದ ಸೊನ್ನೆ. 0.04 ಇದ್ದರೂ ಒಂದೇ ದಶಮಾಂಶಕ್ಕೆ ಬರೆದಾಗ 0.0 ಆಗುತ್ತದೆ. ಹೆಸರುಗಳೂ ದೇಶಕ್ಕೊಂದು ಥರ. ಜರ್ಮನಿಯಲ್ಲಿ 0.5ರವರೆಗೆ ‘ಆಲ್ಕೋಹಾಲ್ ರಹಿತ’ ಎನ್ನಬಹುದು. ಅಮೆರಿಕದಲ್ಲಿ ಅದೇ ಪಾನೀಯಕ್ಕೆ ‘ನಾನ್ ಆಲ್ಕೋಹಾಲಿಕ್’ ಎನ್ನಬಹುದೇ ಹೊರತು ‘ಆಲ್ಕೋಹಾಲ್ ಫ್ರೀ’ ಎನ್ನುವಂತಿಲ್ಲ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳೂ 0.5 ಮೀರಿದ್ದನ್ನೇ ಮದ್ಯವೆಂದು ಎಣಿಸುತ್ತವೆ. ಲೇಬಲ್ಲನ್ನು ಕಣ್ಣುಮುಚ್ಚಿ ನಂಬುವುದೂ ಕಷ್ಟ. ಕೆನಡಾದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇಂಥ 45 ಪಾನೀಯಗಳ ಪೈಕಿ 13ರಲ್ಲಿ ಬರೆದದ್ದಕ್ಕಿಂತ ಹೆಚ್ಚು ಆಲ್ಕೋಹಾಲ್ ಇತ್ತು. ಏನೂ ಇಲ್ಲ ಎಂದುಕೊಂಡ ಆರರಲ್ಲಿ 1 ಶೇಕಡಾ ದಾಟಿತ್ತು.

ಇಷ್ಟೆಲ್ಲ ಹೇಳಿದರೂ ಗೆಳೆಯನ ಪ್ರಶ್ನೆಗೆ ನಾನಿನ್ನೂ ಉತ್ತರಿಸಿಲ್ಲ. ಅವನ ಆತಂಕ ಆ ಚಮಚದ ಮೂರನೆಯ ಪಾಲಿನದ್ದಲ್ಲ, ಆಗಬೇಕಾದದ್ದೂ ಅದಲ್ಲ. ಇಂಡಿಯಾನಾ ವಿಶ್ವವಿದ್ಯಾಲಯದ ತಂಡವೊಂದು 2013ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. 49 ಗಂಡಸರನ್ನು ಪೆಟ್ ಸ್ಕ್ಯಾನರಿನಲ್ಲಿ ಮಲಗಿಸಿ, ಅವರವರ ಮೆಚ್ಚಿನ ಬಿಯರನ್ನು ನಾಲಿಗೆಯ ಮೇಲೆ ಸಣ್ಣಗೆ ಸಿಂಪಡಿಸಿದರು. ಹದಿನೈದು ನಿಮಿಷದಲ್ಲಿ ಒಟ್ಟು 15 ಮಿಲಿಲೀಟರ್, ಅಂದರೆ ಮೂರು ಚಮಚ. ಅಮಲಿಗೆ ಅದು ಏನೇನೂ ಸಾಲದು. ಆದರೂ ಮೆದುಳಿನ ಬಹುಮಾನದ ಕೇಂದ್ರದಲ್ಲಿ ಡೋಪಮೈನ್ ಉಕ್ಕಿತು, ಕುಡಿಯಬೇಕೆಂಬ ಆಸೆಯೂ ಹೆಚ್ಚಿತು. ಆಟಗಾರರು ಕುಡಿಯುವ ಸಿಹಿ ಪಾನೀಯ ಸಿಂಪಡಿಸಿದಾಗ ಅಷ್ಟಾಗಲಿಲ್ಲ. ಮನೆತನದಲ್ಲಿ ಕುಡಿತದ ಚಟ ಇದ್ದವರಲ್ಲಿ ಈ ಉಕ್ಕು ಇನ್ನೂ ಜೋರಾಗಿತ್ತು. ಮೆದುಳು ಆಲ್ಕೋಹಾಲಿಗಾಗಿ ಕಾಯಲೇ ಇಲ್ಲ. ರುಚಿ ಸಿಕ್ಕಿದ್ದೇ ತಡ, ಹಿಂದೆ ಆ ರುಚಿಯ ಬೆನ್ನಿಗೆ ಏನು ಬರುತ್ತಿತ್ತು ಎಂಬುದು ಅದಕ್ಕೆ ನೆನಪಾಯಿತು.

ಕಾರ್ಖಾನೆ ಆಲ್ಕೋಹಾಲನ್ನು ಓಡಿಸಿ ಇಷ್ಟು ಪಾಡುಪಟ್ಟು ಉಳಿಸಿಕೊಂಡದ್ದು ಇದೇ ರುಚಿಯನ್ನು ತಾನೆ? ಅದೇ ಕಹಿ, ಅದೇ ನೊರೆ, ಅದೇ ಬೆವರಿದ ಬಾಟಲಿ. ಸರಕು ಎಷ್ಟು ಚೆನ್ನಾಗಿ ತಯಾರಾಗಿದೆಯೋ ಚಟ ಬಿಟ್ಟವರ ಪಾಲಿಗೆ ಅಷ್ಟೇ ಕಷ್ಟ. ಕುಡಿತ ಬಿಟ್ಟ ಕೆಲವರು ಇದನ್ನೇ ಊರುಗೋಲು ಮಾಡಿಕೊಂಡು ವರ್ಷಗಟ್ಟಲೆ ಗಟ್ಟಿಯಾಗಿ ನಿಂತಿದ್ದಾರೆ ಎಂಬುದೂ ನಿಜ. ಆದರೆ ಯಾರಿಗೆ ಊರುಗೋಲು, ಯಾರಿಗೆ ಜಾರುಗಲ್ಲು ಎಂದು ಕುಡಿಯುವ ಮುಂಚೆ ಗೊತ್ತಾಗುವುದಿಲ್ಲ. ಮೊದಲ ಒಂದೆರಡು ವರ್ಷ ಆ ಪರೀಕ್ಷೆಗೆ ಕೈಹಾಕಬಾರದು ಎಂಬುದು ನನ್ನ ಪಕ್ಷ.

ಒಂದು ಗುಂಪಿನವರಂತೂ ಮುಟ್ಟಲೇಬಾರದು: ಕುಡಿತ ಬಿಡಿಸಲು ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುತ್ತಿರುವವರು. ಆಲ್ಕೋಹಾಲ್ ಕರಗುವಾಗ ನಡುವೆ ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತು ಹುಟ್ಟುತ್ತದೆ. ಈ ಮಾತ್ರೆ ಅದು ಮುಂದೆ ಕರಗದಂತೆ ತಡೆಯುತ್ತದೆ. ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಲು ಸ್ವಲ್ಪ ಆಲ್ಕೋಹಾಲ್ ಸಾಕು. ಲೇಬಲ್ಲಿನ ಅಂಕಿ ತಪ್ಪಿದ್ದರೆ ಕೇಳುವುದೇ ಬೇಡ.

ಗೆಳೆಯನಿಗೆ ಕೇಳಿದೆ, “ಬಾಯಾರಿಕೆಯಾಗಿದೆಯೋ, ಬಿಯರಿನ ನೆನಪಾಗಿದೆಯೋ?” ನಕ್ಕ. ಬಾಟಲಿ ವಾಪಸ್ ಇಟ್ಟು ಮಜ್ಜಿಗೆ ತೆಗೆದುಕೊಂಡೆ ಎಂದು ಸಂಜೆ ಸಂದೇಶ ಬಂತು.

ದಿನವೂ ವಿಪರೀತ ಕುಡಿಯುವವರು ನಾಳೆಯಿಂದ ಇದಕ್ಕೇ ಬದಲಾಯಿಸಿಬಿಡೋಣ ಎಂದುಕೊಂಡಿದ್ದರೆ ಮೊದಲು ವೈದ್ಯರನ್ನು ಕಾಣಿ. ಇದ್ದಕ್ಕಿದ್ದಂತೆ ಆಲ್ಕೋಹಾಲ್ ನಿಂತಾಗ ಕೈಕಾಲು ನಡುಗಿ ಫಿಟ್ಸ್ ಬರುವುದುಂಟು, ಜೀವಕ್ಕೂ ಕುತ್ತಾಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ವಿಭಾಗವಿದೆ. ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446, ಕರೆ ಉಚಿತ.