ಕಾವಲುಗೋಡೆಯ ಎಲ್ಲೆ

ದೊಡ್ಡ ಕಟ್ಟಡಗಳಲ್ಲಿ ಒಂದು ಭಾಗಕ್ಕೆ ಬಿದ್ದ ಬೆಂಕಿ ಇನ್ನೊಂದಕ್ಕೆ ಹರಡದಂತೆ ನಡುವೆ ದಪ್ಪನಾದ ಗೋಡೆಯನ್ನು ಕಟ್ಟುವ ರೂಢಿಯುಂಟು. ಇಂಗ್ಲಿಷಿನಲ್ಲಿ ಅದಕ್ಕೆ ಫೈರ್‌ವಾಲ್ ಎಂದು ಹೆಸರು. ಕಂಪ್ಯೂಟರ್ ಜಾಲಗಳು ಬೆಳೆದಂತೆ ಅದೇ ಹೆಸರು ಅಲ್ಲಿನ ಒಂದು ಕಾವಲು ವ್ಯವಸ್ಥೆಗೂ ಬಂದಿತು. ಮನೆಗೆ ಅಂತರಜಾಲದ ಸಂಪರ್ಕವನ್ನು ತರುವ ರೌಟರ್ ಎಂಬ ಪುಟ್ಟ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಈ ಗೋಡೆ ಅಡಗಿರುತ್ತದೆ. ಹೆಸರು ಗೋಡೆಯದಾದರೂ ಅದು ಮಾಡುವುದು ಬಾಗಿಲು ಕಾಯುವವನ ಕೆಲಸ.

ಅಂತರಜಾಲದಲ್ಲಿ ಮಾಹಿತಿಯು ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ಪ್ರತಿಯೊಂದು ಪೊಟ್ಟಣದ ಮೇಲೆ ಕಳುಹಿಸಿದ ಯಂತ್ರದ ವಿಳಾಸ, ಸೇರಬೇಕಾದ ಯಂತ್ರದ ವಿಳಾಸ, ಇವುಗಳ ಜೊತೆಗೆ ಪೋರ್ಟ್ ಎಂಬ ಒಂದು ಸಂಖ್ಯೆ ಇರುತ್ತವೆ. ವಿಳಾಸವು ಮನೆಯನ್ನು ಸೂಚಿಸಿದರೆ, ಪೋರ್ಟ್ ಆ ಮನೆಯ ಇಂಥ ಬಾಗಿಲು ಎಂಬುದನ್ನು ಸೂಚಿಸುತ್ತದೆ. ಮನೆಯ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಯೊಬ್ಬನು ಒಂದು ಜಾಲಪುಟವನ್ನು ತೆರೆಯುತ್ತಾನೆ ಎಂದಿಟ್ಟುಕೊಳ್ಳಿ. ಅವನ ಕೋರಿಕೆಯು ದೂರದ ಯಂತ್ರದ 443ನೆಯ ಪೋರ್ಟಿಗೆ ಹೊರಡುತ್ತದೆ. ರೌಟರ್ ಅದನ್ನು ತನ್ನ ಖಾತೆಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮರುಕ್ಷಣ ಅದೇ ವಿಳಾಸದಿಂದ, ಅದೇ ಪೋರ್ಟಿನಿಂದ ಉತ್ತರ ಬಂದಾಗ ಖಾತೆಯನ್ನು ನೋಡಿ ಒಳಗೆ ಬಿಡುತ್ತದೆ. ಒಳಗಿನಿಂದ ಯಾರೂ ಕೇಳದೆ ತಾನಾಗಿ ಬಂದ ಪೊಟ್ಟಣಕ್ಕೆ ಖಾತೆಯಲ್ಲಿ ನಮೂದಿಲ್ಲ. ಅದನ್ನು ಅಲ್ಲಿಯೇ ಕೈಬಿಡುತ್ತದೆ. ಕರೆದವರಿಗೆ ಪ್ರವೇಶ, ಕರೆಯದವರಿಗೆ ನಿಷೇಧ: ಮನೆಯ ಫೈರ್‌ವಾಲಿನ ನ್ಯಾಯವೆಲ್ಲ ಇಷ್ಟೆ.

ಈ ಸರಳ ನ್ಯಾಯದ ಬೆಲೆ 2003ರ ಆಗಸ್ಟ್ ತಿಂಗಳಿನಲ್ಲಿ ತಿಳಿದುಬಂದಿತು. ಬ್ಲಾಸ್ಟರ್ ಎಂಬ ದುಷ್ಟ ಪ್ರೋಗ್ರಾಂ ಅಂದು ಅಂತರಜಾಲದಲ್ಲಿ ಯಂತ್ರದಿಂದ ಯಂತ್ರಕ್ಕೆ ತಾನೇ ಅಲೆಯುತ್ತ, ವಿಂಡೋಸ್ ಕಂಪ್ಯೂಟರುಗಳ 135ನೆಯ ಪೋರ್ಟನ್ನು ತಟ್ಟಿತು. ಆ ಬಾಗಿಲ ಹಿಂದಿದ್ದ ತಂತ್ರಾಂಶದಲ್ಲಿ ಒಂದು ದೋಷವಿತ್ತು. ಅದನ್ನು ಸರಿಪಡಿಸುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಜುಲೈ 16ರಂದೇ ಹೊರಡಿಸಿದ್ದರೂ ಅಸಂಖ್ಯ ಯಂತ್ರಗಳು ಅದನ್ನು ಪಡೆದಿರಲಿಲ್ಲ. ಅಂಥ ಯಂತ್ರದ ಒಡೆಯನು ಏನನ್ನೂ ತೆರೆಯಬೇಕಾಗಿರಲಿಲ್ಲ, ಏನನ್ನೂ ಒತ್ತಬೇಕಾಗಿರಲಿಲ್ಲ, ಸಂಪರ್ಕವೊಂದಿದ್ದರೆ ಸಾಕಾಗಿತ್ತು. ಅರುವತ್ತು ಸೆಕೆಂಡುಗಳಲ್ಲಿ ಯಂತ್ರ ನಿಲ್ಲುವುದೆಂಬ ಎಚ್ಚರಿಕೆ ಪರದೆಯ ಮೇಲೆ ಮೂಡಿದಾಗಲೇ ಅನೇಕರಿಗೆ ವಿಷಯ ತಿಳಿದದ್ದು. ಆದರೆ ಫೈರ್‌ವಾಲಿನ ಹಿಂದಿದ್ದ ಯಂತ್ರಗಳಿಗೆ ಹೊರಗಿನಿಂದ ಈ ತಟ್ಟುವಿಕೆ ಮುಟ್ಟಲೇ ಇಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿಯೂ ಸ್ವಂತದ ಫೈರ್‌ವಾಲ್ ಇತ್ತು. ಆದರೆ ಅದನ್ನು ಬಳಸುವವರೇ ಚಾಲೂ ಮಾಡಿಕೊಳ್ಳಬೇಕಾಗಿತ್ತು. 2004ರಲ್ಲಿ ಬಂದ ಪರಿಷ್ಕರಣದಲ್ಲಿ ಅದು ಮೊದಲಿನಿಂದಲೇ ಚಾಲೂ ಆಗಿರುವಂತೆ ಮಾಡಲಾಯಿತು.

ಇದೇ ಕಾವಲು ಇನ್ನೊಂದು ಬಗೆಯ ಕೇಡಿನ ಮುಂದೆ ನಿರುಪಾಯವಾಗುತ್ತದೆ. 2000ದ ಮೇ 4ರಂದು ಲೋಕದಾದ್ಯಂತ ಜನರಿಗೆ ILOVEYOU ಎಂಬ ಶೀರ್ಷಿಕೆಯ ಮಿಂಚಂಚೆಗಳು ಬಂದವು. ಜೊತೆಗಿದ್ದ ಕಡತದ ಹೆಸರು LOVE-LETTER-FOR-YOU.txt.vbs ಎಂದು. ಕೊನೆಯ ಮೂರು ಅಕ್ಷರಗಳನ್ನು ವಿಂಡೋಸ್ ಮರೆಮಾಡುತ್ತಿದ್ದುದರಿಂದ ಅದು ಬರಿಯ ಓಲೆಯಂತೆ ಕಾಣುತ್ತಿತ್ತು. ತೆರೆದೊಡನೆ ಅದು ಚಿತ್ರಗಳೇ ಮೊದಲಾದ ಕಡತಗಳನ್ನು ಹಾಳುಮಾಡಿ, ವಿಳಾಸಪುಸ್ತಕದಲ್ಲಿದ್ದವರಿಗೆಲ್ಲ ತನ್ನ ಪ್ರತಿಯನ್ನು ಕಳುಹಿಸಿತು. ಫೈರ್‌ವಾಲ್ ಇದನ್ನೇಕೆ ತಡೆಯಲಾರದು? ಅಂಚೆಯನ್ನು ಕೊಡೆಂದು ಕೇಳಿದ್ದು ಮನೆಯೊಳಗಿನ ಯಂತ್ರವೇ. ಖಾತೆಯಲ್ಲಿ ನಮೂದು ಇದ್ದೇ ಇತ್ತು. ಕಾವಲುಗಾರನು ನೋಡುವುದು ಲಕೋಟೆಯ ಮೇಲಿನ ವಿಳಾಸವನ್ನೇ ಹೊರತು ಒಳಗಿನ ಓಲೆಯನ್ನಲ್ಲ. ಇಂದಂತೂ ಬಹುಪಾಲು ಮಾಹಿತಿಯು ಗೂಢಲಿಪಿಯಲ್ಲಿ ಸಾಗುವುದರಿಂದ ಮನೆಯ ರೌಟರ್ ಬಯಸಿದರೂ ಅದನ್ನು ಓದಲಾರದು. ಬ್ಯಾಂಕಿನದೆಂದು ನಂಬಿಸುವ ನಕಲಿ ಪುಟದಲ್ಲಿ ಮನೆಯವರೊಬ್ಬರು ಗುಪ್ತಪದವನ್ನು ತಾವಾಗಿಯೇ ಬರೆದರೆ, ಅದೂ ಒಳಗಿನಿಂದ ಹೊರಟ ಕೋರಿಕೆಯೇ ಆಗಿ ತಡೆಯಿಲ್ಲದೆ ಸಾಗುತ್ತದೆ.

ಮೂರನೆಯದು ಮನೆಯೊಳಗಿನ ಅಪಾಯ. ಬ್ಲಾಸ್ಟರ್ ಹಾವಳಿಯ ಕಾಲದಲ್ಲಿ ಬಲವಾದ ಫೈರ್‌ವಾಲ್ ಇದ್ದ ಕಚೇರಿಗಳೂ ಕೆಲವೆಡೆ ಸೋಂಕಿಗೆ ಒಳಗಾದವು. ಹೊರಗೆ ಸೋಂಕು ತಗುಲಿಸಿಕೊಂಡ ಲ್ಯಾಪ್‌ಟಾಪನ್ನು ಯಾರೋ ಕೈಯಲ್ಲೇ ಹಿಡಿದು ಒಳಗೆ ತಂದಿದ್ದರು. ಮನೆಯಲ್ಲಿಯೂ ಹಾಗೆಯೇ. ರೌಟರಿನ ಕಾವಲು ಇರುವುದು ಮನೆಗೂ ಹೊರಜಗತ್ತಿಗೂ ನಡುವೆ. ನಡುಮನೆಯ ಕಂಪ್ಯೂಟರಿನಿಂದ ಕೋಣೆಯ ಕಂಪ್ಯೂಟರಿಗೆ ಹೋಗುವ ಪೊಟ್ಟಣವನ್ನು ಅದು ಸಾಮಾನ್ಯವಾಗಿ ಪರೀಕ್ಷಿಸುವುದಿಲ್ಲ. ಅಲ್ಲಿ ಉಪಯೋಗಕ್ಕೆ ಬರುವುದು ಪ್ರತಿ ಕಂಪ್ಯೂಟರಿನೊಳಗಿರುವ ಸ್ವಂತದ ಫೈರ್‌ವಾಲ್ ಮತ್ತು ಕಾಲಕಾಲಕ್ಕೆ ಹಾಕಿದ ತೇಪೆ.

ಹೀಗೆ ಒಂದೇ ಖಾತೆಯು ಫೈರ್‌ವಾಲಿನ ಶಕ್ತಿಯೂ ಹೌದು, ಎಲ್ಲೆಯೂ ಹೌದು. ಬಾಗಿಲು ತಟ್ಟಿದ ಅಪರಿಚಿತನನ್ನು ಅದು ತಡೆಯಬಲ್ಲದು. ಮನೆಯವರೇ ಕೈಹಿಡಿದು ಕರೆತಂದವನನ್ನು ತಡೆಯಲಾರದು. ಆ ಅತಿಥಿ ಯಾರೆಂದು ವಿಚಾರಿಸುವ ಹೊಣೆ ಕರೆದವರದು.