ಗಾಜಿನ ಮೇಲಿಂದಲೋ, ಮಾಸ್ಕಿನ ಒಳಗಿಂದಲೋ?

ಅಂಡಮಾನಿನ ಎಲಿಫೆಂಟ್ ಬೀಚಿನಲ್ಲಿ ಸ್ನಾರ್ಕೆಲಿಂಗ್ ಮಾಡಿಸುವವರು ಪ್ರವಾಸಿಗರಿಗೆ ಮೊದಲು ಹೇಳುವ ಮಾತೇ 'ಈಜು ಬರದಿದ್ದರೂ ನಡೆಯುತ್ತೆ' ಎಂಬುದು. ಅದರಲ್ಲಿ ಸುಳ್ಳೇನಿಲ್ಲ. ಲೈಫ್ ಜಾಕೆಟ್ ಬಿಗಿಯಾಗಿ ತೊಟ್ಟರೆ ಮೈ ತೇಲುತ್ತದೆ. ರಿಂಗ್ ಹಿಡಿದುಕೊಂಡರೆ ಗೈಡ್ ಎಳೆದುಕೊಂಡು ಹೋಗುತ್ತಾನೆ. ಕೈಕಾಲು ಬಡಿಯುವ ಕೆಲಸವೂ ಇಲ್ಲ. ಇಷ್ಟಾದರೂ ನೀರಿಗಿಳಿದವರಲ್ಲಿ ಕೆಲವರು ಎರಡೇ ನಿಮಿಷಕ್ಕೆ ಮಾಸ್ಕ್ ಕಿತ್ತು ದಡಕ್ಕೆ ವಾಪಸಾಗುತ್ತಾರೆ. ಹಾಗೆ ವಾಪಸಾದವರಲ್ಲಿ ಹೆಚ್ಚಿನವರಿಗೆ ತೊಡಕಾಗಿದ್ದು ಉಸಿರಾಟ. ಈಜು ಬಾರದವರು ಸ್ನಾರ್ಕೆಲಿಂಗ್ ಮಾಡಬೇಕೋ, ಗಾಜಿನ ತಳದ ದೋಣಿ ಹತ್ತಬೇಕೋ ಎಂದು ಯೋಚಿಸುವಾಗ ಮೊದಲು ನೋಡಬೇಕಾದದ್ದು ಇದನ್ನೇ.

ಕೊಳವೆಯಲ್ಲಿ ಉಳಿಯುವ ಗಾಳಿ

ಸ್ನಾರ್ಕೆಲ್ ಎಂದರೆ ಒಂದು ಅಡಿಗಿಂತ ತುಸು ಉದ್ದದ ಕೊಳವೆ. ಮಾಸ್ಕ್ ಕಣ್ಣಿನ ಜೊತೆಗೆ ಮೂಗನ್ನೂ ಮುಚ್ಚುವುದರಿಂದ ಉಸಿರೆಲ್ಲ ಬಾಯಿಂದಲೇ ಆಗಬೇಕು. ಹುಟ್ಟಿದಾಗಿನಿಂದ ಮೂಗಿನಲ್ಲಿ ಉಸಿರಾಡಿದವರಿಗೆ ಮುಖ ನೀರಿನಲ್ಲಿರುವಾಗ ಇದು ವಿಚಿತ್ರ ಎನಿಸುತ್ತದೆ. ಗಾಬರಿಯಲ್ಲಿ ಚಿಕ್ಕ ಚಿಕ್ಕ ಉಸಿರು ಎಳೆಯತೊಡಗುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದ.

ನಾವು ಬಿಟ್ಟ ಉಸಿರಿನ ಕೊನೆಯ ಪಾಲು ಕೊಳವೆಯೊಳಗೇ ಉಳಿದಿರುತ್ತದೆ. ಮುಂದಿನ ಉಸಿರಿನಲ್ಲಿ ಮೊದಲು ಒಳಗೆ ಬರುವುದು ಆ ಹಳೆಯ ಗಾಳಿ, ಅದರ ಹಿಂದೆ ಹೊಸ ಗಾಳಿ. ಉಸಿರು ನಿಧಾನವಾಗಿ, ಆಳವಾಗಿ ಇದ್ದರೆ ಹೊಸ ಗಾಳಿ ಬೇಕಾದಷ್ಟು ಸಿಗುತ್ತದೆ. ಮೇಲುಸಿರು ಬಿಡುತ್ತಿದ್ದರೆ ಹಳೆಯ ಗಾಳಿಯೇ ಹೆಚ್ಚಾಗಿ ಹಿಂದೆ ಮುಂದೆ ಓಡಾಡುತ್ತದೆ. ಆಗ ಉಸಿರು ಸಾಲದು ಎನಿಸಿ ಇನ್ನಷ್ಟು ಬೇಗ ಬೇಗ ಎಳೆಯುತ್ತೇವೆ, ಅದರಿಂದ ಇನ್ನಷ್ಟು ಸಾಲದಾಗುತ್ತದೆ. ಸಮುದ್ರ ಶಾಂತವಾಗಿದ್ದು, ಜಾಕೆಟ್ ಸರಿಯಾಗಿದ್ದು, ಗೈಡ್ ಪಕ್ಕದಲ್ಲೇ ಇದ್ದರೂ ದಿಗಿಲು ಹುಟ್ಟುವುದು ಹೀಗೆ.

ಆದ್ದರಿಂದ ಪರೀಕ್ಷೆಯನ್ನು ಆಳದಲ್ಲಿ ಮಾಡಬಾರದು, ಸೊಂಟದುದ್ದ ನೀರಿನಲ್ಲಿ ನಿಂತೇ ಮಾಡಬೇಕು. ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಗಾಳಿ ಎಳೆದು ಕೈ ಬಿಡಿ. ಅದು ಬೀಳದೆ ಅಂಟಿಕೊಂಡರೆ ನಿಮ್ಮ ಮುಖಕ್ಕೆ ಸರಿಹೊಂದಿದೆ ಎಂದರ್ಥ. ಅಂಚಿನಡಿ ಒಂದೆರಡು ಕೂದಲು ಸಿಕ್ಕಿಕೊಂಡರೂ ನೀರು ಜಿನುಗುತ್ತದೆ. ದಪ್ಪ ಮೀಸೆಯವರಿಗಂತೂ ಈ ಕಾಟ ತಪ್ಪಿದ್ದಲ್ಲ. ಮೀಸೆಗೆ ತೆಳುವಾಗಿ ವ್ಯಾಸಲೀನ್ ಸವರಿದರೆ ಜಿನುಗುವುದು ಕಡಿಮೆಯಾಗುತ್ತದೆ. ಆಮೇಲೆ ಪಟ್ಟಿ ಹಾಕಿ, ಕೊಳವೆಯ ರಬ್ಬರ್ ತುದಿಯನ್ನು ಹಲ್ಲಿನಿಂದ ಮೆಲ್ಲಗೆ ಕಚ್ಚಿ ಸುತ್ತ ತುಟಿ ಮುಚ್ಚಿ, ಬಗ್ಗಿ ಮುಖವನ್ನು ನೀರಿನಲ್ಲಿಟ್ಟು ಇಪ್ಪತ್ತು ಉಸಿರು ಎಣಿಸಿ. ಮೊದಲ ಐದು ಉಸಿರು ಎಲ್ಲರಿಗೂ ಕಷ್ಟ. ಹತ್ತು ದಾಟಿದ ಮೇಲೆ ಎದೆಬಡಿತ ಇಳಿದು ಉಸಿರು ಉದ್ದವಾಗುತ್ತ ಹೋದರೆ ಸ್ನಾರ್ಕೆಲಿಂಗ್ ನಿಮಗೆ ಒಗ್ಗುತ್ತದೆ. ಇಪ್ಪತ್ತಕ್ಕೆ ಬಂದರೂ ಉಸಿರು ಓಡುತ್ತಲೇ ಇದ್ದರೆ ಮೇಲೆದ್ದು ಸುಧಾರಿಸಿಕೊಂಡು ಇನ್ನೊಮ್ಮೆ ನೋಡಿ. ಆಗಲೂ ಹಾಗೇ ಆದರೆ ಅವತ್ತಿಗೆ ದೋಣಿಯೇ ಸರಿ.

ಇದರ ಜೊತೆ ಕಲಿಯಬೇಕಾದ ವಿದ್ಯೆ ಇನ್ನೊಂದೇ. ಕೊಳವೆಗೆ ನೀರು ನುಗ್ಗಿದರೆ 'ಫೂ' ಎಂದು ಜೋರಾಗಿ ಊದಿ ಹೊರಹಾಕುವುದು. ಅದು ಆಗದಿದ್ದರೆ ಕೊಳವೆ ಉಗುಳಿ ತಲೆ ಎತ್ತಿದರಾಯಿತು, ಜಾಕೆಟ್ ಹಿಡಿದೆತ್ತುತ್ತದೆ. ಜಾಕೆಟ್ಟಿನ ಬಕಲ್ ಸಡಿಲವಾಗಿದ್ದರೆ ಮಾತ್ರ ಅದು ನೀರಿನಲ್ಲಿ ಕಿವಿಯವರೆಗೆ ಏರಿ ಬಾಯಿಯನ್ನೇ ಮುಚ್ಚಿಬಿಡುತ್ತದೆ. ಹೆಗಲ ಬಳಿ ಹಿಡಿದು ಮೇಲಕ್ಕೆ ಎಳೆಯಲು ಯಾರಿಗಾದರೂ ಹೇಳಿ. ಗಲ್ಲದವರೆಗೆ ಬಂದರೆ ಮತ್ತೆ ಬಿಗಿಯಬೇಕು.

ಗಾಜು ತೋರುವುದೆಷ್ಟು?

ಮಾಮೂಲಿ ದೋಣಿಯ ಅಂಚಿನಿಂದ ಬಗ್ಗಿ ನೋಡಿದರೆ ಹವಳ ಸರಿಯಾಗಿ ಕಾಣುವುದಿಲ್ಲ. ನೀರಿನ ಮೇಲ್ಮೈಯ ಅಲೆ ಬೆಳಕನ್ನು ಸದಾ ಒಡೆಯುತ್ತಿರುತ್ತದೆ. ದೋಣಿಯ ತಳದ ಗಾಜು ನೇರವಾಗಿ ನೀರಿಗೆ ತಾಗಿರುವುದರಿಂದ ಆ ಅಲೆಯ ಕಾಟ ಇಲ್ಲವಾಗುತ್ತದೆ. ಆದರೆ ಗಾಜಿಗೂ ಹವಳಕ್ಕೂ ನಡುವೆ ಎಷ್ಟು ನೀರಿದೆ ಎಂಬುದು ಹಾಗೇ ಉಳಿಯುತ್ತದೆ. ಎರಡು ಮೂರು ಮೀಟರ್ ಇದ್ದರೆ ಮೀನಿನ ಮೈಮೇಲಿನ ಪಟ್ಟೆಯೂ ಕಾಣುತ್ತದೆ. ಎಂಟು ಹತ್ತು ಮೀಟರ್ ಆದರೆ ಎಲ್ಲವೂ ನೀಲಿ ಮಬ್ಬು. ನೀರು ಮೊದಲು ನುಂಗುವುದು ಕೆಂಪು ಬೆಳಕನ್ನು. ಆಳ ಹೆಚ್ಚಿದಂತೆ ಹವಳದ ಕೆಂಪು, ಕಿತ್ತಳೆ ಬಣ್ಣಗಳು ಬೂದಿಯಾಗಿಬಿಡುತ್ತವೆ.

ಹಾಗಾಗಿ ದೋಣಿ ಹತ್ತುವವರು ನೋಡಿಕೊಳ್ಳಬೇಕಾದದ್ದು ಹೊತ್ತನ್ನು. ಸೂರ್ಯ ನೆತ್ತಿಯ ಹತ್ತಿರ ಇರುವಾಗ ಬೆಳಕು ನೇರ ಕೆಳಗಿಳಿಯುತ್ತದೆ. ಬೆಳಗ್ಗೆ ಬೇಗ ಅಥವಾ ಸಂಜೆ ಹೋದರೆ ಓರೆ ಬೆಳಕಿನಲ್ಲಿ ಅರ್ಧ ನೋಟ ಹೋಯಿತು. ಪೂರ್ತಿ ಇಳಿತದಲ್ಲಿ ತಳ ಹವಳಕ್ಕೆ ತಾಗುವ ಭಯದಿಂದ ದೋಣಿಯವರು ಒಳ್ಳೆಯ ಜಾಗದ ಮೇಲೆ ಹೋಗದೆ ಆಳದ ಅಂಚಿನಲ್ಲೇ ಸುತ್ತಿಸುತ್ತಾರೆ. ಹಣ ಕೊಡುವ ಮುನ್ನ ಗಾಜನ್ನೂ ಒಮ್ಮೆ ನೋಡಿ: ಮರಳಿಗೆ ಉಜ್ಜಿ ಉಜ್ಜಿ ಗೀರು ತುಂಬಿದ ಗಾಜು, ಹೊರಗಡೆ ಪಾಚಿ ಕಟ್ಟಿದ ಗಾಜು ಎಂಥ ಬಿಸಿಲಿನಲ್ಲೂ ಏನನ್ನೂ ತೋರಿಸುವುದಿಲ್ಲ. ತೂಗಾಡುವ ದೋಣಿಯಲ್ಲಿ ತಲೆ ತಗ್ಗಿಸಿ ನೋಡುತ್ತಿದ್ದರೆ, ಅದರ ಜೊತೆ ಡೀಸೆಲ್ ಹೊಗೆಯೂ ಸೇರಿದರೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಬಸ್ಸಿನಲ್ಲಿ ವಾಂತಿಯಾಗುವವರು ಆಗಾಗ ತಲೆ ಎತ್ತಿ ದೂರದ ದಡ ನೋಡುತ್ತಿರಬೇಕು.

ಯಾವ ದಾರಿ ಹಿಡಿದರೂ ಪೋಸ್ಟರಿನ ಬಣ್ಣ ಸಿಗುತ್ತದೆ ಎಂದುಕೊಳ್ಳಬೇಡಿ. 2010ರ ಬೇಸಿಗೆಯಲ್ಲಿ ಸಮುದ್ರ ವಾಡಿಕೆಗಿಂತ ಬಿಸಿಯಾಗಿ ಅಂಡಮಾನಿನ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡವು. ಹೆಚ್ಚು ಪೆಟ್ಟು ತಿನ್ನುವುದು ಪ್ರವಾಸಿಗರು ನೋಡುವ ತೆಳುನೀರಿನ ಹವಳವೇ.

ಯಾರು ನೀರಿಗಿಳಿಯಬಾರದು?

ಮೈ ನೀರಿನಲ್ಲಿ ಮುಳುಗಿದಾಗ ನೀರಿನ ಒತ್ತಡಕ್ಕೆ ಕಾಲುಗಳ ರಕ್ತ ಎದೆಯ ಕಡೆಗೆ ಸರಿಯುತ್ತದೆ, ಹೃದಯದ ಹೊರೆ ಹೆಚ್ಚುತ್ತದೆ. ಕೊಳವೆಯ ಮೂಲಕ ಗಾಳಿ ಎಳೆಯುವ ಶ್ರಮವೂ ಅದಕ್ಕೆ ಸೇರುತ್ತದೆ. ಹೃದಯದ ಕಾಯಿಲೆಯೋ ಹತೋಟಿಗೆ ಬಾರದ ರಕ್ತದೊತ್ತಡವೋ ಇದ್ದವರಲ್ಲಿ ಈ ಎರಡೂ ಕೂಡಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಅಪಾಯವಿದೆ. ಸ್ನಾರ್ಕೆಲಿಂಗ್ ಸಾವುಗಳ ಬಗ್ಗೆ ಹವಾಯಿಯಲ್ಲಿ ನಡೆದ ಅಧ್ಯಯನವೂ ಇದನ್ನು ಮುಖ್ಯ ಕಾರಣವೆಂದು ಗುರುತಿಸಿದೆ. ದಣಿಯುವಂಥದ್ದೇನೂ ಮಾಡದೆಯೇ ಏದುಸಿರು, ಕೆಮ್ಮು, ಕೈಕಾಲು ಸೋತಂತಾಗುವುದು ಇದರ ಗುರುತು. ಹಾಗಾದರೆ ತಕ್ಷಣ ಬೆನ್ನಿನ ಮೇಲೆ ತೇಲಿ, ಕೊಳವೆ ತೆಗೆದು, ದಡ ಸೇರಬೇಕು. ಇಂಥ ತೊಂದರೆ ಇರುವವರು ವೈದ್ಯರನ್ನು ಕೇಳದೆ ನೀರಿಗಿಳಿಯುವುದು ಬೇಡ.

ಒಂದು ಮನೆಯ ಲೆಕ್ಕ

ಹುಬ್ಬಳ್ಳಿಯಿಂದ ನಾಲ್ವರು ಹೊರಟಿದ್ದಾರೆ ಎಂದುಕೊಳ್ಳೋಣ. ಬಿಪಿ ಮಾತ್ರೆ ನುಂಗುವ ಎಪ್ಪತ್ತರ ಅಜ್ಜಿ, ಮೈನಸ್ ನಾಲ್ಕರ ಕನ್ನಡಕದ ಅಪ್ಪ, ಮುಖಕ್ಕೆ ನೀರು ಬಿದ್ದರೆ ಹೆದರುವ ಅಮ್ಮ, ಹನ್ನೆರಡರ ಮಗಳು. ಯಾರಿಗೂ ಈಜು ಬಾರದು. ಜನವರಿಯ ಒಂದು ದಿನ ಎಲಿಫೆಂಟ್ ಬೀಚಿಗೆ ಹೋಗಬೇಕು, ಅವತ್ತು ಉಬ್ಬರ ಬೆಳಗ್ಗೆ ಹತ್ತರ ಸುಮಾರಿಗೆ ತುಂಬುತ್ತದೆ.

ಅಜ್ಜಿಗೆ ದೋಣಿಯೇ ಸೈ. ಆದರೂ ದೋಣಿ ಹತ್ತಿ ಇಳಿಯುವ ಜಾಗ ಹೇಗಿದೆ ಎಂದು ಮೊದಲೇ ಕೇಳಬೇಕು. ಜೆಟ್ಟಿ ಇಲ್ಲದ ಕಡೆ ಮೊಣಕಾಲುದ್ದ ನೀರಿಗೆ ಕಾಲಿಡಬೇಕಾಗುತ್ತದೆ. ಅಪ್ಪನ ಕಷ್ಟ ಬೇರೆ. ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ, ಕನ್ನಡಕವಿಲ್ಲದೆ ಎರಡು ಮೀಟರ್ ಕೆಳಗಿನ ಹವಳ ಅವರಿಗೆ ಬರೀ ಮಸುಕು. ಊರಿನಿಂದಲೇ ನಂಬರಿನ ಗಾಜಿರುವ ಮಾಸ್ಕ್ ತಂದಿದ್ದರೆ ಇಳಿಯಬಹುದು. ಇಲ್ಲದಿದ್ದರೆ ಕನ್ನಡಕ ಹಾಕಿಕೊಂಡೇ ನೋಡಬಹುದಾದ ದೋಣಿಯಲ್ಲಿ ಅವರಿಗೆ ಹೆಚ್ಚು ಕಾಣುತ್ತದೆ. ಮಗಳಿಗೆ ಮಕ್ಕಳ ಅಳತೆಯ ಮಾಸ್ಕ್, ಜಾಕೆಟ್ ಸಿಕ್ಕರೆ ಮಾತ್ರ ನೀರು. ದೊಡ್ಡವರದನ್ನೇ ಬಿಗಿದು ಕಟ್ಟಿ ಹೊಂದಿಸುತ್ತೇವೆ ಎಂದರೆ ಒಪ್ಪಬಾರದು.

ಅಮ್ಮನ ವಿಷಯ ಇಪ್ಪತ್ತು ಉಸಿರಿನಲ್ಲಿ ತೀರ್ಮಾನವಾಗುತ್ತದೆ. ಮಾಸ್ಕ್ ಮತ್ತು ಕೊಳವೆ ಕೊಂಡು ಮನೆಯಲ್ಲೇ ಬಕೆಟ್ಟಿನ ನೀರಿನಲ್ಲಿ ಮುಖವಿಟ್ಟು ನಾಲ್ಕು ದಿನ ರೂಢಿ ಮಾಡಿದ್ದರೆ ಬೀಚಿನಲ್ಲಿ ಅರ್ಧ ಭಯ ಕಳೆದಿರುತ್ತದೆ. ಆ ಕೊಳವೆಯನ್ನೇ ಜೊತೆಗೆ ಒಯ್ದರೆ ಹತ್ತು ಜನ ಕಚ್ಚಿದ್ದನ್ನು ಕಚ್ಚುವ ಕರ್ಮವೂ ಇಲ್ಲ.

ಹೊತ್ತಿನ ಲೆಕ್ಕ ಹೀಗೆ: ಒಂಬತ್ತಕ್ಕೆ ಬೀಚಿನಲ್ಲಿದ್ದು ಅಮ್ಮ, ಮಗಳು ಒಂಬತ್ತೂವರೆಗೆ ನೀರಿಗಿಳಿಯಬೇಕು. ಉಬ್ಬರ ತುಂಬುವ ಹೊತ್ತಿಗೆ ಸೆಳೆತ ಕಡಿಮೆ, ಹವಳದ ಮೇಲೆ ನೀರೂ ಬೇಕಾದಷ್ಟು ಇರುವುದರಿಂದ ಕಾಲು ತಾಗುವುದಿಲ್ಲ. ಗೈಡ್ ಒಬ್ಬ, ರಿಂಗಿಗೆ ಇಬ್ಬರೇ ಎಂದು ಮೊದಲೇ ಮಾತಾಡಿಕೊಳ್ಳಬೇಕು. ಫೋಟೋಗೆಂದು ಗೈಡ್ ರಿಂಗ್ ಬಿಡಿಸಲು ಬಂದರೆ ಬೇಡ ಎನ್ನಬೇಕು. ಕಾಲು ಸೋತರೂ ಹವಳದ ಮೇಲೆ ನಿಲ್ಲುವಂತಿಲ್ಲ. ಹವಳ ಮುರಿಯುವುದರ ಜೊತೆಗೆ ಕಾಲೂ ಕೊಯ್ಯುತ್ತದೆ. ಹನ್ನೊಂದಕ್ಕೆ ನಾಲ್ವರೂ ಗಾಜಿನ ದೋಣಿ ಹತ್ತಬಹುದು. ಆಗ ಬಿಸಿಲು ಮೇಲೇರಿರುತ್ತದೆ, ನೀರು ಇನ್ನೂ ಅಷ್ಟು ಇಳಿದಿರುವುದಿಲ್ಲ. ಉಬ್ಬರದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಮುಂದೆ ಹೋಗುತ್ತದೆ. ಮೂರು ದಿನ ಬಿಟ್ಟು ಹೋದರೆ ಈ ಲೆಕ್ಕವನ್ನು ಮಧ್ಯಾಹ್ನಕ್ಕೆ ತಳ್ಳಬೇಕು.

ನಾಲ್ವರೂ ದೋಣಿಯಲ್ಲೇ ನೋಡುವುದು ಎಂದಾದರೆ ಎಲಿಫೆಂಟ್ ಬೀಚಿಗಿಂತ ವಂಡೂರಿನಿಂದ ಹೊರಡುವ ಜಾಲಿ ಬಾಯ್ ದ್ವೀಪ ಒಳ್ಳೆಯದು. ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಈ ದ್ವೀಪಕ್ಕೆ ಅರಣ್ಯ ಇಲಾಖೆಯ ಪರವಾನಗಿ ಬೇಕು, ಪ್ಲಾಸ್ಟಿಕ್ ಒಯ್ಯುವಂತಿಲ್ಲ. ವರ್ಷದ ಒಂದಷ್ಟು ತಿಂಗಳು ಇದನ್ನು ಮುಚ್ಚಿ ಪಕ್ಕದ ರೆಡ್ ಸ್ಕಿನ್ ದ್ವೀಪವನ್ನು ತೆರೆಯುತ್ತಾರೆ. ಟಿಕೆಟ್ ಮಾಡಿಸುವಾಗ ಯಾವುದು ತೆರೆದಿದೆ ಎಂದು ವಿಚಾರಿಸಿ.

ನಮ್ಮ ಮುರುಡೇಶ್ವರದ ನೇತ್ರಾಣಿ ಹತ್ತಿರವಲ್ಲವೇ, ಮೊದಲು ಅಲ್ಲೇ ಕಲಿತುಬಿಡೋಣ ಎನಿಸಬಹುದು. ಅಲ್ಲಿ ಮರಳಿನ ದಡವಿಲ್ಲ, ಬಂಡೆಯ ಬುಡದಿಂದಲೇ ಆಳ, ದೋಣಿಯಿಂದ ನೇರ ಕಡಲಿಗಿಳಿಯಬೇಕು. ಸೊಂಟದುದ್ದ ನೀರಿನಲ್ಲಿ ನಿಂತು ಇಪ್ಪತ್ತು ಉಸಿರು ಎಣಿಸಲು ಅಲ್ಲಿ ಜಾಗವೇ ಇಲ್ಲ. ಈಜು ಬಾರದವರ ಮೊದಲ ಪಾಠಕ್ಕೆ ಕಾಲೂರಲು ನೆಲ ಸಿಗುವ ಕಡೆಯೇ ಬೇಕು.